ಐದು ಜನಕ್ಕೆ ಒಂದೇ ಬಾತ್‌ರೂಮ್: ಯಾವ ಸಾಮಾನು ಎಲ್ಲಿಗೆ?

"ಮನೆಯಲ್ಲಿ ಐದು ಜನ, ಒಂದೇ ಬಾತ್‌ರೂಮ್. ಈಗ ಹಳೇ ಟೈಲ್ಸ್ ತೆಗೆಸಿ ಹೊಸದು ಹಾಕಿಸ್ತಾ ಇದ್ದೀವಿ. ಸಾಮಾನು ಇಡೋಕೆ ಗೋಡೆಯಲ್ಲಿ ಗೂಡು ಮಾಡಿಸೋದಾ, ಕ್ಯಾಬಿನೆಟ್ ಹಾಕಿಸೋದಾ, ಕಮೋಡ್ ಮೇಲೆ ರ‍್ಯಾಕ್ ಇಡೋದಾ? ಎಲ್ಲಿಂದ ಶುರು ಮಾಡಬೇಕು?"

ಮೇಸ್ತ್ರಿ ಬರುವ ಮೊದಲು ಒಂದು ಕೆಲಸ ಮಾಡಿ. ಬಾತ್‌ರೂಮಿನಲ್ಲಿ ಇರುವುದನ್ನೆಲ್ಲ ಹೊರಗೆ ತನ್ನಿ. ಹಾಲಿನಲ್ಲಿ ಒಂದು ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ಸಾಲಾಗಿ ಇಡಿ. ನಮ್ಮದೂ ಐದು ಜನರ ಮನೆ. ಅತ್ತೆ, ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು, ಆರು ವರ್ಷದ ಮಗ. ಹೀಗೆ ಇಟ್ಟು ಎಣಿಸಿದಾಗ 31 ವಸ್ತು ಸಿಕ್ಕವು. ಅದರಲ್ಲಿ ಸ್ನಾನ ಮಾಡುವಾಗ ಕೈಗೆ ಬೇಕಾದವು, ಅಂದರೆ ಒದ್ದೆಯಾದರೂ ಪರವಾಗಿಲ್ಲದವು, ಬರೀ 9. ದಿನಾ ಬೇಕು ಆದರೆ ಒದ್ದೆಯಾಗಬಾರದು ಅನ್ನುವಂಥವು 8. ಇನ್ನೂ ಒಡೆಯದ ಸ್ಟಾಕ್ 6. ಬಾತ್‌ರೂಮ್ ತೊಳೆಯುವ ಆಸಿಡ್, ಬ್ಲೀಚ್ ಥರದ ಬಾಟಲಿಗಳು 3. ಉಳಿದ 5 ಅಲ್ಲಿ ಇರಲೇಬಾರದಾಗಿದ್ದವು. ಅವು ಮಾತ್ರೆ, ಔಷಧಿ.

ನಿಮ್ಮ ಪ್ರಶ್ನೆಗೆ ಉತ್ತರ ಈ ಎಣಿಕೆಯಲ್ಲೇ ಇದೆ. ಒದ್ದೆಯಾಗುವವು ಗೂಡಿಗೆ. ದಿನಾ ಬೇಕಾದ ಒಣ ವಸ್ತು ಬೇಸಿನ್ ಮೇಲಿನ ಕ್ಯಾಬಿನೆಟ್‌ಗೆ. ದೊಡ್ಡದು, ಹಗುರವಾದದ್ದು, ಅಪರೂಪಕ್ಕೆ ಬೇಕಾದದ್ದು ಕಮೋಡ್ ಮೇಲಿನ ರ‍್ಯಾಕ್‌ಗೆ. ಮೂರೂ ಬೇಕಾಗಬಹುದು, ಆದರೆ ಒಂದರ ಕೆಲಸ ಇನ್ನೊಂದಕ್ಕೆ ಕೊಡಬೇಡಿ. ಇದರಲ್ಲಿ ಕ್ಯಾಬಿನೆಟ್, ರ‍್ಯಾಕ್ ಎರಡನ್ನೂ ಆಮೇಲೆ ಬದಲಾಯಿಸಬಹುದು. ಗೂಡು ತಪ್ಪಾದರೆ ಟೈಲ್ಸ್ ಒಡೆಯಬೇಕು. ಅದಕ್ಕೇ ಗೂಡಿನ ಬಗ್ಗೆ ಜಾಸ್ತಿ ಬರೆಯುತ್ತೇನೆ.

ನಾವು ಮೊದಲ ಸಲ ಮಾಡಿಸಿದ ಗೂಡನ್ನು ಎರಡು ವರ್ಷಕ್ಕೆ ಒಡೆಸಬೇಕಾಯಿತು. ಅದರ ಹಿಂದೆ ಇದ್ದದ್ದು ಮಲಗುವ ಕೋಣೆಯ ಗೋಡೆ. ಒಂದು ದಿನ ನೋಡಿದರೆ ಎದೆಯ ಎತ್ತರದಲ್ಲಿ ಪೇಂಟ್ ಗುಳ್ಳೆ ಎದ್ದಿತ್ತು. ಬೆರಳಿಂದ ಒತ್ತಿದರೆ ಸುಣ್ಣದಂಥ ಪುಡಿ ಉದುರಿತು. ಪೈಪ್ ಸೋರುತ್ತಿದೆ, ಗೋಡೆ ಒಡೆಯೋಣ ಅಂದರು ಪ್ಲಂಬರ್. ಆದರೆ ನಾವು ನಾಲ್ಕು ದಿನ ಊರಿಗೆ ಹೋಗಿ ಬಂದಾಗ ಆ ಜಾಗ ಒಣಗಿತ್ತು. ಟ್ಯಾಂಕಿನಿಂದ ಬರುವ ಪೈಪ್‌ನಲ್ಲಿ ಯಾವಾಗಲೂ ನೀರು ಒತ್ತುತ್ತಲೇ ಇರುತ್ತದೆ. ಅದು ಸೋರುತ್ತಿದ್ದರೆ ನಾವು ಮನೆಯಲ್ಲಿ ಇಲ್ಲದಿದ್ದಾಗಲೂ ಸೋರಬೇಕಿತ್ತು, ಅಲ್ವಾ? ಆಮೇಲೆ ಗೂಡಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತ ಟೇಪ್ ಅಂಟಿಸಿ, ಒಂದು ವಾರ ಎಂದಿನಂತೆ ಸ್ನಾನ ಮಾಡಿದೆವು. ಗೋಡೆ ಒದ್ದೆಯಾಗಲಿಲ್ಲ. ತಪ್ಪು ಗೂಡಿನದೇ.

ಒಡೆದು ನೋಡಿದಾಗ ಮೂರು ಕಾರಣ ಕಂಡವು. ಗೂಡಿನ ತಳ ಸಮತಟ್ಟಾಗಿತ್ತು, ನೀರು ಹಿಂದಿನ ಮೂಲೆಯಲ್ಲಿ ನಿಲ್ಲುತ್ತಿತ್ತು. ಮೂಲೆಗಳಿಗೆ ಬರೀ ಗ್ರೌಟ್ ತುಂಬಿದ್ದರು, ಅದು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ವಾಟರ್‌ಪ್ರೂಫಿಂಗ್ ಕೋಟಿಂಗ್ ಹೊರಗಿನ ಗೋಡೆಗೆ ಬಳಿದಿದ್ದರು, ಗೂಡಿನ ಒಳಗೆ ಬಳಿದೇ ಇರಲಿಲ್ಲ. ಟೈಲ್ಸ್, ಗ್ರೌಟ್ ಎರಡೂ ನೀರನ್ನು ಪೂರ್ತಿ ತಡೆಯುವುದಿಲ್ಲ. ತಡೆಯುವುದು ಅವುಗಳ ಹಿಂದಿರುವ ಆ ಕೋಟಿಂಗ್.

ಎರಡನೇ ಸಲ ಹೀಗೆ ಮಾಡಿಸಿದೆವು. ಗೂಡಿನ ಹಿಂಭಾಗ, ತಳ, ಮೇಲ್ಭಾಗ, ಎರಡೂ ಪಕ್ಕ, ಎಲ್ಲಕ್ಕೂ ಎರಡು ಕೋಟ್ ಬಳಿಸಿದೆವು. ಮೂಲೆಗಳಲ್ಲಿ ಮೊದಲ ಕೋಟ್ ಹಸಿ ಇರುವಾಗಲೇ ಜಾಲರಿ ಬಟ್ಟೆಯ ಪಟ್ಟಿ ಒತ್ತಿ, ಅದರ ಮೇಲೆ ಎರಡನೇ ಕೋಟ್. ಕೋಟಿಂಗ್ ಗೂಡಿನ ಅಂಚು ದಾಟಿ ಹೊರಗಿನ ಗೋಡೆಯ ಕೋಟಿಂಗ್ ಜೊತೆ ಸೇರಬೇಕು, ನಡುವೆ ಖಾಲಿ ಗೆರೆ ಉಳಿಯಬಾರದು. ತಳಕ್ಕೆ ತುಂಡು ಟೈಲ್ಸ್ ಬೇಡ ಅಂದು ಒಂದೇ ಗ್ರಾನೈಟ್ ಹಲಗೆ ಹಾಕಿಸಿದೆವು. ಅದಕ್ಕೆ ಹಿಂದಿನಿಂದ ಮುಂದಕ್ಕೆ 3ರಿಂದ 5 ಮಿಲಿಮೀಟರ್ ಇಳಿಜಾರು. ಇಷ್ಟು ಇಳಿಜಾರಿಗೆ ಬಾಟಲಿ ಜಾರುವುದಿಲ್ಲ, ನೀರು ಮಾತ್ರ ಹೊರಗೆ ಬರುತ್ತದೆ. ಒಳಮೂಲೆಗಳಿಗೆ ಗ್ರೌಟ್ ಬದಲು ಸಿಲಿಕೋನ್. ಹಲಗೆ ಗಟ್ಟಿಯಾದ ಮೇಲೆ ನೀವೇ ಒಂದು ಚೊಂಬು ನೀರು ಹಿಂದಿನ ಮೂಲೆಗೆ ಸುರಿದು ನೋಡಿ. ಒಂದು ನಿಮಿಷ ಬಿಟ್ಟು ಬೆರಳಿಟ್ಟರೆ ಹಿಂದೆ ನೀರು ನಿಂತಿರಬಾರದು. ನಿಂತಿದ್ದರೆ ಮೇಸ್ತ್ರಿ ಹೋಗುವ ಮುಂಚೆಯೇ ಹೇಳಿ ಸರಿ ಮಾಡಿಸಿ.

ಇನ್ನು ಅಳತೆ. ನಿಮ್ಮ ಸಾಲಿನಲ್ಲಿರುವ ಅತಿ ಎತ್ತರದ ಬಾಟಲಿ ಹುಡುಕಿ. ನಮ್ಮದು ಪಂಪ್ ಇರುವ ಒಂದು ಲೀಟರ್ ಶಾಂಪೂ ಬಾಟಲಿ, 11 ಇಂಚು. ಹಳೇ ಗೂಡಿನ ಎತ್ತರ 10 ಇಂಚು ಇತ್ತು, ಹಾಗಾಗಿ ಅದು ಯಾವಾಗಲೂ ನೆಲದ ಮೇಲೆಯೇ. ಬಾಟಲಿಯ ಎತ್ತರಕ್ಕೆ ಎರಡು ಇಂಚು ಸೇರಿಸಿ, ಕೈ ಹಾಕಿ ಪಂಪ್ ಒತ್ತೋಕೆ ಜಾಗ ಬೇಕಲ್ಲ. ನಮಗೆ 13 ಬಂತು. ಇದು ಟೈಲ್ಸ್ ಹಾಕಿದ ಮೇಲೆ ಸಿಗಬೇಕಾದ ಅಳತೆ. ಗಾರೆ, ಅಂಟು, ಟೈಲ್ಸ್ ಸೇರಿ ಒಂದೊಂದು ಬದಿಗೆ ಹೆಚ್ಚು ಕಡಿಮೆ ಒಂದು ಇಂಚು ತಿನ್ನುತ್ತವೆ. ಅದಕ್ಕೆ ಮೇಸ್ತ್ರಿಗೆ 15 ಇಂಚು ಒಡೆಯಿರಿ ಅಂದೆವು. ಅಗಲಕ್ಕೂ ಇದೇ ಲೆಕ್ಕ. ಬಾಟಲಿಗೆ 3 ಇಂಚು ಅಂದರೆ ದೊಡ್ಡವರ ಆರು ಬಾಟಲಿಗೆ 18 ಇಂಚು ಸಿಗಬೇಕು, ಒಡೆಯುವುದು 20. ಇಷ್ಟು ಅಗಲಕ್ಕೆ ಮೇಲೆ ಒಂದು ಕಲ್ಲಿನ ಹಲಗೆ ಆಧಾರ ಕೊಡಿಸಿ. ಆಳ ಮಾತ್ರ 4 ಇಂಚು ಸಾಕು. ಇನ್ನೂ ಆಳ ಮಾಡಿದರೆ ಹಿಂದೊಂದು ಸಾಲು ಶುರುವಾಗುತ್ತದೆ, ಮುಗಿದ ಬಾಟಲಿಗಳು ಅಲ್ಲೇ ಉಳಿದುಬಿಡುತ್ತವೆ.

ಮೇಲಿನ ಗೂಡಿನ ತಳ ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿದೆ. ಅತ್ತೆ ಸ್ಟೂಲ್ ಮೇಲೆ ಕೂತು ಸ್ನಾನ ಮಾಡುತ್ತಾರೆ, ಮಗನಿಗೆ ಮೇಲಿನದು ಎಟುಕುವುದಿಲ್ಲ. ಅವರಿಬ್ಬರಿಗೆ ಎರಡು ಅಡಿ ಎತ್ತರದಲ್ಲಿ ಇನ್ನೊಂದು ಚಿಕ್ಕ ಗೂಡು, ಮೂರು ಬಾಟಲಿಯಷ್ಟೇ ಹಿಡಿಯುವಂಥದ್ದು. ಎರಡೂ ಶವರ್‌ನ ಎದುರು ಗೋಡೆಯಲ್ಲಿಲ್ಲ, ಪಕ್ಕದ ಗೋಡೆಯಲ್ಲಿವೆ. ಎದುರಿಗಿದ್ದರೆ ನೀರು ನೇರವಾಗಿ ಒಳಗೆ ಬಡಿಯುತ್ತದೆ.

ಎಲ್ಲ ಗೋಡೆಯನ್ನೂ ಕೊರೆಯುವ ಹಾಗಿಲ್ಲ. ನಾಲ್ಕು ಇಂಚಿನ ಗೋಡೆಯಲ್ಲಿ ಗೂಡಿನ ಮಾತೇ ಬೇಡ. ಭಾರ ಹೊರುವ ಗೋಡೆಯಾದರೆ ಎಂಜಿನಿಯರ್ ನೋಡದೆ ಮುಟ್ಟಬೇಡಿ. ಕಾಂಕ್ರೀಟ್ ಕಂಬಕ್ಕೂ ಅಷ್ಟೇ. ಅಂಥ ಕಡೆ ನನಗೆ ತುಂಬಾ ಇಷ್ಟವಾದ ದಾರಿ ಒಂದಿದೆ. ನಲ್ಲಿ ಇರುವ ಗೋಡೆಯ ಮುಂದೆ ಐದು ಇಂಚು ದಪ್ಪದ, ಮೂರೂವರೆ ಅಡಿ ಎತ್ತರದ ಒಂದು ಗಿಡ್ಡ ಗೋಡೆ ಕಟ್ಟಿಸಿ. ಪೈಪ್‌ಗಳು ಅದರೊಳಗೆ ಹೋಗುತ್ತವೆ. ಅದರ ತಲೆಯ ಮೇಲೆ ಉದ್ದಕ್ಕೂ ಒಂದು ಕಲ್ಲಿನ ಹಲಗೆ, ಮುಂದಕ್ಕೆ ಸ್ವಲ್ಪ ಇಳಿಜಾರು. ಐದು ಅಡಿ ಗೋಡೆಯಾದರೆ 15ಕ್ಕೂ ಹೆಚ್ಚು ಬಾಟಲಿ ನಿಲ್ಲುತ್ತವೆ. ಗೋಡೆಗೆ ತೂತಿಲ್ಲ, ಬಾಟಲಿ ಎತ್ತರದ ಚಿಂತೆಯೂ ಇಲ್ಲ. ಸ್ನಾನದ ಜಾಗ ಐದು ಇಂಚು ಕಡಿಮೆಯಾಗುತ್ತದೆ, ಅದನ್ನು ಮೊದಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಿಂತು ನೋಡಿ.

ಕಮೋಡ್ ಮೇಲಿನ ರ‍್ಯಾಕ್‌ಗೆ ಒಂದೇ ಮುಖ್ಯ ನಿಯಮ. ಫ್ಲಶ್ ಟ್ಯಾಂಕ್‌ನ ಮುಚ್ಚಳ ಎತ್ತಿ, ಒಳಗೆ ಕೈ ಹಾಕಲು ಆಗಬೇಕು. ಮುಚ್ಚಳದಿಂದ ಮೊದಲ ಹಲಗೆಗೆ 10 ಇಂಚು ಬಿಡಿ. ಟ್ಯಾಂಕ್ ಗೋಡೆಯ ಒಳಗಿದ್ದರೆ ಫ್ಲಶ್ ಪ್ಲೇಟ್ ಮುಂದೆ ಏನೂ ಬರಬಾರದು. ರಿಪೇರಿಗೆ ಅದೊಂದೇ ಬಾಗಿಲು. ಹಲಗೆ ಟ್ಯಾಂಕ್‌ಗಿಂತ ಮುಂದಕ್ಕೆ ಚಾಚಬಾರದು, ಎಂಟು ಇಂಚು ಆಳ ಸಾಕು. ಕಾಲಿನ ಮೇಲೆ ನಿಲ್ಲುವ ರ‍್ಯಾಕ್ ಆದರೂ ಮೇಲೆ ಗೋಡೆಗೆ ಸ್ಕ್ರೂ ಹಾಕಲೇಬೇಕು. ಮಕ್ಕಳು ಹಿಡಿದು ಏರಲು ನೋಡುತ್ತಾರೆ. ಅಲ್ಲಿ ಟಾಯ್ಲೆಟ್ ಪೇಪರ್, ಟವೆಲ್, ಒಡೆಯದ ಸ್ಟಾಕ್ ಇಡಿ. ಹಲ್ಲುಜ್ಜುವ ಬ್ರಷ್ ಅಲ್ಲಿ ಬೇಡ, ಫ್ಲಶ್ ಮಾಡಿದಾಗ ಸಣ್ಣ ಹನಿಗಳು ಮೇಲಕ್ಕೆ ಹಾರುತ್ತವೆ. ಆಸಿಡ್ ಬಾಟಲಿಯಂತೂ ಬೇಡವೇ ಬೇಡ. ಅದರ ಹೊಗೆಗೆ ಸ್ಟೀಲ್ ರ‍್ಯಾಕ್ ಕೂಡ ತುಕ್ಕು ಹಿಡಿಯುತ್ತದೆ. ನಾವು ಆ ಮೂರು ಬಾಟಲಿಗಳನ್ನು ಹೊರಗೆ ಬೀಗವಿರುವ ಕಪಾಟಿಗೆ ಹಾಕಿದೆವು. ಆಸಿಡ್ ಒಂದು ಕಡೆ, ಬ್ಲೀಚ್ ಇನ್ನೊಂದು ಕಡೆ. ಎರಡೂ ಬೆರೆತರೆ ವಿಷದ ಗಾಳಿ ಏಳುತ್ತದೆ.

ಕ್ಯಾಬಿನೆಟ್ ಕನ್ನಡಿ ಬಾಗಿಲಿನದಾಗಿರಲಿ, ಆಳ ಐದು ಇಂಚು. ಅದಕ್ಕಿಂತ ಆಳವಾದರೆ ಮುಖ ತೊಳೆಯಲು ಬಗ್ಗಿದಾಗ ಹಣೆಗೆ ತಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಖಾನೆ ಕೊಡಿ, ಮಕ್ಕಳದು ಕೆಳಗೆ. ಇಲ್ಲಿ ಜಾಸ್ತಿ ಜನ ಎಡವುವುದು ಮರದ ವಿಷಯದಲ್ಲಿ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಎರಡೂ ಬಾತ್‌ರೂಮಿಗೆ ಆಗುವುದಿಲ್ಲ. ಮೇಲಿನ ಲ್ಯಾಮಿನೇಟ್ ಚೆನ್ನಾಗಿಯೇ ಇರುತ್ತದೆ, ಉಗಿ ಒಳಗೆ ಹೋಗುವುದು ಕತ್ತರಿಸಿದ ಅಂಚಿನಿಂದ. ನಿಮ್ಮ ಹಳೇ ಕ್ಯಾಬಿನೆಟ್‌ನ ಕೆಳಗಿನ ಅಂಚಿನ ಮೇಲೆ ಬೆರಳು ಓಡಿಸಿ. ಒರಟಾಗಿ, ನೆನೆದ ಬಿಸ್ಕತ್ತಿನಂತೆ ಉಬ್ಬಿದ್ದರೆ ಆಗಲೇ ಹೀರಿಕೊಂಡಿದೆ ಎಂದೇ ಅರ್ಥ. ಪಿವಿಸಿ ಬೋರ್ಡ್, ಅಲ್ಯೂಮಿನಿಯಂ ಅಥವಾ ಎಲ್ಲ ಅಂಚುಗಳನ್ನೂ ಮುಚ್ಚಿದ ಮರೀನ್ ಪ್ಲೈವುಡ್ ಆಗಬಹುದು. ಹಿಂಜ್ ಮತ್ತು ಸ್ಕ್ರೂ 304 ದರ್ಜೆಯ ಸ್ಟೀಲ್ ಇರಲಿ, ಬೇರೆಲ್ಲ ಚೆನ್ನಾಗಿದ್ದರೂ ಮೊದಲು ಹಾಳಾಗುವುದು ಅವೇ. ಕ್ಯಾಬಿನೆಟ್‌ನ ಬೆನ್ನು ಗೋಡೆಗೆ ಪೂರ್ತಿ ಅಂಟದಂತೆ ಸಣ್ಣ ಬಿಲ್ಲೆ ಕೊಟ್ಟು ಅರ್ಧ ಸೆಂಟಿಮೀಟರ್ ಬಿಡಿಸಿ, ಹಿಂದೆ ಗಾಳಿ ಆಡಲಿ. ಮಾತ್ರೆಗಳನ್ನು ಮಾತ್ರ ಇದರೊಳಗೂ ಇಡಬೇಡಿ, ಬಾತ್‌ರೂಮಿನ ಶಾಖ ಮತ್ತು ತೇವಕ್ಕೆ ಅವು ಕೆಡುತ್ತವೆ.

ಕೊನೆಗೊಂದು ಮಾತು, ನಿಮ್ಮ ಗೋಡೆ ಈಗ ಬರಿದಾಗಿದೆಯಲ್ಲ, ಅದಕ್ಕೆ. ಟೈಲ್ಸ್ ಹಾಕುವ ಮೊದಲು ಪೈಪ್, ವೈರ್ ಹೋಗಿರುವ ಜಾಗದ ಪಕ್ಕ ಅಳತೆಯ ಟೇಪ್ ಹಿಡಿದು ನಾಲ್ಕೂ ಗೋಡೆಯ ಫೋಟೋ ತೆಗೆದಿಡಿ. ಒಂದು ಫೋಟೋದಲ್ಲಿ ನೆಲದಿಂದ ಎತ್ತರ ಕಾಣಬೇಕು, ಇನ್ನೊಂದರಲ್ಲಿ ಮೂಲೆಯಿಂದ ದೂರ. ರ‍್ಯಾಕ್, ಕ್ಯಾಬಿನೆಟ್‌ಗೆ ಡ್ರಿಲ್ ಮಾಡುವ ದಿನ ಅದನ್ನು ನೋಡಿ ಗುರುತು ಹಾಕಿ. ಟೈಲ್ಸ್ ದಾಟುವ ತನಕ ಡ್ರಿಲ್‌ನ ಹ್ಯಾಮರ್ ಆಫ್ ಇರಲಿ, ಇಲ್ಲದಿದ್ದರೆ ಟೈಲ್ಸ್ ಸೀಳುತ್ತದೆ. ತೂತಿಗೆ ಪ್ಲಗ್ ಹಾಕುವ ಮುಂಚೆ ಸ್ವಲ್ಪ ಸಿಲಿಕೋನ್ ತುಂಬಿ. ಕೋಟಿಂಗ್‌ಗೆ ನೀವೇ ಮಾಡಿದ ತೂತು ಅದು, ನೀವೇ ಮುಚ್ಚಬೇಕು.