ಒಪ್ಪಿಕೊಂಡ ಕ್ರೆಡಿಟ್, ಲೆಕ್ಕಕ್ಕೆ ಬಂದ ಕ್ರೆಡಿಟ್

“ಸರ್, ನಮಸ್ಕಾರ. ನಾನು ವಿಟಿಯು ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದೇನೆ. ಇಲ್ಲಿ ಓದಿದ್ದನ್ನು ಹಿಡಿದು ಟೆಕ್ಸಾಸ್‌ನಲ್ಲಿ ನೇರವಾಗಿ ಎರಡನೇ ಅಥವಾ ಮೂರನೇ ವರ್ಷಕ್ಕೆ ಸೇರಬಹುದೇ? ಎಷ್ಟು ಕ್ರೆಡಿಟ್ ಸಿಗುತ್ತದೆ? ಒಂದು ಬ್ಯಾಕ್‌ಲಾಗ್ ಇದೆ, ತೊಂದರೆಯೇ? ಪಾರ್ಟ್‌ಟೈಮ್ ಕೆಲಸ, ಊಟ, ಹವೆ ಹೇಗೆ?”

ನಮಸ್ಕಾರ. ಕೊನೆಯ ಪ್ರಶ್ನೆಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಎಫ್-1 ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಆ ದುಡ್ಡು ಅಕ್ಕಿ ಬೇಳೆಗಾಗುತ್ತದೆ, ಫೀಸಿಗಾಗುವುದಿಲ್ಲ. ಊಟದ ಚಿಂತೆ ಬೇಡ, ಅನ್ನ ಸಾರು ಮಾಡಲು ಬಂದರೆ ಸಾಕು. ಹವೆಯಲ್ಲಿ ಹೆದರಬೇಕಾದದ್ದು ಚಳಿಗಲ್ಲ, ಆಗಸ್ಟಿನ ಬಿಸಿಲಿಗೆ. ಬ್ಯಾಕ್‌ಲಾಗ್ ಪಾಸಾಗಿದ್ದರೆ ಪ್ರವೇಶಕ್ಕೆ ಅಡ್ಡಿಯಾಗುವುದು ಕಡಿಮೆ. ಆದರೆ ನಲವತ್ತರ ಆಸುಪಾಸಿನಲ್ಲಿ ಪಾಸಾದ ವಿಷಯ ಇಲ್ಲಿನ ಮೌಲ್ಯಮಾಪನದಲ್ಲಿ ಡಿ ಗ್ರೇಡ್ ಆಗಿಬಿಡಬಹುದು, ಮತ್ತು ಬಹುತೇಕ ವಿಶ್ವವಿದ್ಯಾಲಯಗಳು ಸಿ ಗ್ರೇಡಿಗಿಂತ ಕಡಿಮೆಯದನ್ನು ವರ್ಗಾಯಿಸಿಕೊಳ್ಳುವುದಿಲ್ಲ.

ನಿಮ್ಮ ಮುಖ್ಯ ಪ್ರಶ್ನೆಯನ್ನು ಓದಿದಾಗ ನನಗೆ 2012ರ ನನ್ನ ಮುಖವೇ ಕಾಣಿಸಿತು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರಿ, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರುತ್ತಾರಲ್ಲ, ಇಲ್ಲಿಯೂ ಹಾಗೆಯೇ ಇರಬೇಕೆಂದು ನಾನೂ ತಿಳಿದಿದ್ದೆ. ಇಲ್ಲಿ ‘ವರ್ಷ’ಕ್ಕೆ ಸೇರುವುದು ಎಂಬುದೇ ಇಲ್ಲ. ಮೂವತ್ತು ಕ್ರೆಡಿಟ್ ದಾಟಿದವರನ್ನು ಎರಡನೇ ವರ್ಷದವರು, ಅರವತ್ತು ದಾಟಿದವರನ್ನು ಮೂರನೇ ವರ್ಷದವರು ಎಂದು ಕರೆಯುತ್ತಾರೆ, ಅಷ್ಟೇ. ಆ ಹೆಸರಿಗೂ ನೀವು ಯಾವಾಗ ಪದವಿ ಮುಗಿಸುತ್ತೀರಿ ಎಂಬುದಕ್ಕೂ ನೇರ ಸಂಬಂಧವಿಲ್ಲ.

ನಾನು 2010ರ ಸ್ಕೀಮಿನಲ್ಲಿ ನಾಲ್ಕು ಸೆಮಿಸ್ಟರ್ ಮುಗಿಸಿ, ಬೆಳಗಾವಿಗೆ ರಾತ್ರಿ ಬಸ್ಸಿನಲ್ಲಿ ಎರಡು ಸಲ ಓಡಾಡಿ ಟ್ರಾನ್ಸ್‌ಕ್ರಿಪ್ಟ್ ಮಾಡಿಸಿಕೊಂಡು, 2013ರ ಜನವರಿಯಲ್ಲಿ ಟೆಕ್ಸಾಸ್‌ಗೆ ಬಂದೆ. ಪ್ರವೇಶಪತ್ರದ ಜೊತೆ ಬಂದ ಹಾಳೆಯಲ್ಲಿ 61 ಕ್ರೆಡಿಟ್ ಒಪ್ಪಿಕೊಂಡಿದ್ದೇವೆ ಎಂದಿತ್ತು. ಪದವಿಗೆ ಬೇಕಾದದ್ದು 120. ಉಳಿದದ್ದು ಅರ್ಧ, ಅಂದರೆ ನಾಲ್ಕು ಸೆಮಿಸ್ಟರ್, 2014ರ ಡಿಸೆಂಬರಿಗೆ ಮುಗಿಯಿತು ಎಂದು ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಅಪ್ಪಯ್ಯನೂ ನಾನೂ ಲೆಕ್ಕ ಹಾಕಿದೆವು. ಅಪ್ಪಯ್ಯ ಅಡಿಕೆ ತೋಟದ ಮೇಲೆ ಆ ಲೆಕ್ಕಕ್ಕೆ ಸರಿಯಾಗಿ ಸಾಲ ತೆಗೆದರು. ಆ ಹಾಳೆಯಲ್ಲಿದ್ದ ‘ಒಪ್ಪಿಕೊಂಡಿದ್ದೇವೆ’ ಎಂಬ ಮಾತಿಗೆ ಏನರ್ಥ ಎಂದು ನಾವಿಬ್ಬರೂ ಕೇಳಲಿಲ್ಲ.

ಬಂದ ಮೊದಲ ವಾರ ವಿಭಾಗದ ಸಲಹೆಗಾರರು ಪದವಿಯ ನಕ್ಷೆ ತೆರೆದು ತೋರಿಸಿದಾಗ ಆ 61ರಲ್ಲಿ 33 ಮಾತ್ರ ಅಲ್ಲಿನ ಖಾನೆಗಳಿಗೆ ಇಳಿದಿದ್ದವು. ಮಿಕ್ಕ 28 ಕ್ರೆಡಿಟ್ ಕಡತದಲ್ಲಿವೆ, ನನ್ನ ಹೆಸರಿನಲ್ಲೇ ಇವೆ, ಆದರೆ ಪದವಿಯ ಯಾವ ಅಗತ್ಯವನ್ನೂ ಪೂರೈಸುವುದಿಲ್ಲ. ಪ್ರವೇಶ ಕಚೇರಿ ಕ್ರೆಡಿಟನ್ನು ಒಪ್ಪಿಕೊಳ್ಳುತ್ತದೆ. ಅದು ಯಾವ ಕೋರ್ಸಿಗೆ ಸಮ ಎಂಬುದನ್ನು ವಿಭಾಗ ತೀರ್ಮಾನಿಸುತ್ತದೆ. ಸಮಾನ ಕೋರ್ಸು ಸಿಗದಿದ್ದರೆ ಅದು ‘ಐಚ್ಛಿಕ’ವಾಗಿ ಬೀಳುತ್ತದೆ, ಐಚ್ಛಿಕಗಳಿಗೆ ಎಂಜಿನಿಯರಿಂಗ್ ಪದವಿಯಲ್ಲಿ ಜಾಗ ಬಹಳ ಕಡಿಮೆ.

ಏಕೆ ಹೊಂದಲಿಲ್ಲ ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ನಿಮಗೂ ಇದೇ ಆಗುತ್ತದೆ. ನಮ್ಮ ಎಂಜಿನಿಯರಿಂಗ್ ಫಿಸಿಕ್ಸ್‌ನಲ್ಲಿ ಲೇಸರ್, ಕ್ವಾಂಟಮ್, ಸ್ಫಟಿಕ ರಚನೆ ಇತ್ತು. ಇಲ್ಲಿ ಮೊದಲು ಬೇಕಾದದ್ದು ಕ್ಯಾಲ್ಕ್ಯುಲಸ್ ಆಧಾರಿತ ಮೆಕ್ಯಾನಿಕ್ಸ್. ಅದನ್ನು ನಾವು ಪಿಯುಸಿಯಲ್ಲಿ ಓದಿ ಬಂದಿರುತ್ತೇವೆ, ಆದರೆ ಪಿಯುಸಿ ಇವರ ಕಣ್ಣಿಗೆ ಹೈಸ್ಕೂಲು. ಗಣಿತದ್ದೂ ಅದೇ ಕಥೆ. ಇಲ್ಲಿ ಕ್ಯಾಲ್ಕ್ಯುಲಸ್ ಒಂದು, ಎರಡು, ಮೂರು, ಆಮೇಲೆ ಅವಕಲ ಸಮೀಕರಣ ಎಂದು ಒಂದೊಂದು ವಿಷಯ ಒಂದೊಂದು ಕೋರ್ಸು. ನಮ್ಮ ಎಂ-1ರಿಂದ ಎಂ-4ರವರೆಗಿನ ಪತ್ರಿಕೆಗಳಲ್ಲಿ ಇವೆಲ್ಲವೂ ಹುಳಿಯಲ್ಲಿನ ತರಕಾರಿಯಂತೆ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಇರುತ್ತವೆ. ಒಂದೊಂದು ಪತ್ರಿಕೆಯನ್ನು ಬಿಡಿಯಾಗಿ ತೋರಿಸಿದರೆ ಯಾವುದೂ ಪೂರ್ತಿ ಹೊಂದುವುದಿಲ್ಲ. ನಾಲ್ಕನ್ನೂ ಒಟ್ಟಿಗೆ ಇಟ್ಟು, ಇವುಗಳಲ್ಲಿ ನಿಮ್ಮ ಯಾವ ಯಾವ ಕೋರ್ಸು ಮುಗಿದಿವೆ ನೋಡಿ ಎಂದು ಗಣಿತ ವಿಭಾಗವನ್ನೇ ಕೇಳಿಕೊಳ್ಳಬೇಕು. ಇನ್ನು ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯಾವ ಪದವಿಗಾದರೂ 42 ಕ್ರೆಡಿಟ್‌ಗಳ ಸಾಮಾನ್ಯ ಪಾಠ್ಯ ಕಡ್ಡಾಯ. ಅದರಲ್ಲಿ ಅಮೆರಿಕದ ಇತಿಹಾಸಕ್ಕೆ ಆರು, ಸರ್ಕಾರ ಮತ್ತು ಸಂವಿಧಾನಕ್ಕೆ ಆರು. ನಾನು ಭಾರತದ ಸಂವಿಧಾನದ ಪತ್ರಿಕೆ ಪಾಸು ಮಾಡಿ ಬಂದಿದ್ದೆ, ಟೆಕ್ಸಾಸ್‌ನದು ಬಾಕಿ ಇತ್ತು. ಈ ಹನ್ನೆರಡನ್ನು ಎರಡು ಬೇಸಿಗೆಗಳಲ್ಲಿ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಫೀಸಿಗೆ ಮಾಡಿಕೊಂಡೆ; ನಾನು ಮಾಡಿದ ಕೆಲವೇ ಜಾಣತನದ ಕೆಲಸಗಳಲ್ಲಿ ಅದೊಂದು.

ಆದರೆ ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ಕ್ರೆಡಿಟ್‌ಗಳ ಸಂಖ್ಯೆಯಲ್ಲ, ಕೋರ್ಸುಗಳ ಸರಪಳಿ. ಇಲ್ಲಿ ಒಂದು ಕೋರ್ಸಿಗೆ ಕೂರಲು ಅದರ ಹಿಂದಿನದು ಮುಗಿದಿರಲೇಬೇಕು. ನನ್ನ ವಿಭಾಗದಲ್ಲಿ ಜಾವಾ ಒಂದು, ಜಾವಾ ಎರಡು, ಡೇಟಾ ಸ್ಟ್ರಕ್ಚರ್ಸ್, ಅದಾದ ಮೇಲೆ ಅಲ್ಗಾರಿದಮ್ ಮತ್ತು ಆಪರೇಟಿಂಗ್ ಸಿಸ್ಟಮ್, ಕೊನೆಗೆ ಎರಡು ಸೆಮಿಸ್ಟರಿನ ಅಂತಿಮ ಪ್ರಾಜೆಕ್ಟ್ ಎಂಬ ಸಾಲಿತ್ತು. ನಾನು ಮೂರನೇ ಸೆಮಿಸ್ಟರಿನಲ್ಲಿ ಸಿ ಭಾಷೆಯಲ್ಲಿ ಡೇಟಾ ಸ್ಟ್ರಕ್ಚರ್ಸ್, ಸಿ++ನಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎರಡನ್ನೂ ಓದಿದ್ದೆ, ಲ್ಯಾಬ್ ಸಮೇತ. ಎರಡೂ ಐಚ್ಛಿಕವಾಗಿ ಬಿದ್ದಿದ್ದವು. ಸಿಲಬಸ್ ಒಪ್ಪಿಸಿದರೆ ಮರುಪರಿಶೀಲನೆ ಮಾಡುತ್ತೇವೆ, ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಲ್ಯಾಬ್, ಯಾವ ಪಠ್ಯಪುಸ್ತಕ ಎಂಬುದೆಲ್ಲ ಅದರಲ್ಲಿರಬೇಕು ಎಂದು ಸಲಹೆಗಾರರು ಸ್ಪಷ್ಟವಾಗಿ ಹೇಳಿದ್ದರು. ನನ್ನ ಬಳಿ ಅಂಕಪಟ್ಟಿ ಇತ್ತು, ಸಿಲಬಸ್ ಇರಲಿಲ್ಲ. ಊರಿಗೆ ಫೋನು ಮಾಡಿ ಅಟ್ಟದ ಮೇಲಿರುವ ಪುಸ್ತಕದ ರಾಶಿ ಹುಡುಕಿಸುವುದು, ಕಾಲೇಜಿಗೆ ಕಳುಹಿಸಿ ಪ್ರಾಂಶುಪಾಲರ ಸಹಿ ಮೊಹರು ಹಾಕಿಸುವುದು ಎಂದರೆ ಅಪ್ಪಯ್ಯನಿಗೆ ಎರಡು ದಿನದ ಕೆಲಸ. ಕೊಯ್ಲಿನ ಕಾಲ, ತೊಂದರೆ ಕೊಡುವುದು ಬೇಡ, ಒಂದು ಸೆಮಿಸ್ಟರ್ ತಾನೆ, ಬರುವ ವಿಷಯವನ್ನೇ ಮತ್ತೆ ಓದಿದರೆ ಗ್ರೇಡ್ ಚೆನ್ನಾಗಿ ಬರುತ್ತದೆ ಎಂದುಕೊಂಡು ನಾನು ಜಾವಾ ಒಂದಕ್ಕೆ ಹೋಗಿ ಕೂತೆ.

ಮುಂದೆ ಆದದ್ದನ್ನು ಕೇಳಿ. ಮೊದಲ ಸೆಮಿಸ್ಟರಿನಲ್ಲಿ ಜಾವಾ ಒಂದು, ಎರಡನೆಯದರಲ್ಲಿ ಜಾವಾ ಎರಡು. ಅಷ್ಟರಲ್ಲಿ ಸಿಲಬಸ್ ತರಿಸಿ ಡೇಟಾ ಸ್ಟ್ರಕ್ಚರ್ಸ್‌ಗೆ ಸಮಾನತೆ ಪಡೆದೆ. ನನ್ನ ಲೆಕ್ಕ 36ಕ್ಕೆ ಏರಿತು. 2014ರ ವಸಂತದಲ್ಲಿ ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್ ಮುಗಿಸಿ ಪ್ರಾಜೆಕ್ಟಿಗೆ ಹೋದರೆ, ಅದು ಪ್ರತಿ ವರ್ಷ ಜನವರಿಯಲ್ಲಿ ಮಾತ್ರ ಆರಂಭವಾಗುತ್ತದೆ ಎಂದರು. ಹೀಗೆ ಗೆದ್ದ ಒಂದು ಸೆಮಿಸ್ಟರ್ ಕಾಯುವುದರಲ್ಲಿ ಹೋಯಿತು. 2015ರಲ್ಲಿ ಎರಡು ಸೆಮಿಸ್ಟರ್ ಪ್ರಾಜೆಕ್ಟ್ ಮಾಡಿ ಆ ಡಿಸೆಂಬರಿನಲ್ಲಿ ಪದವಿ ಪಡೆದೆ. ಸಿ++ ಪತ್ರಿಕೆಯ ಸಿಲಬಸ್ಸನ್ನು ಮೊದಲ ವಾರವೇ ಕೊಟ್ಟು ಜಾವಾ ಒಂದರಿಂದ ವಿನಾಯಿತಿ ಸಿಕ್ಕಿದ್ದರೆ, 2014ರ ಜನವರಿಯಲ್ಲೇ ಪ್ರಾಜೆಕ್ಟ್ ಆರಂಭಿಸಬಹುದಿತ್ತು; ಜಗಲಿಯಲ್ಲಿ ಹಾಕಿದ ಲೆಕ್ಕವೇ ಸರಿಯಾಗುತ್ತಿತ್ತು. ಹನ್ನೆರಡು ಹಾಳೆಯ ಒಂದು ಸಿಲಬಸ್ ನನ್ನ ಒಂದು ವರ್ಷ ತಿಂದಿತು, ಮತ್ತು ಆ ವರ್ಷದ ಫೀಸಿಗೆ ಅಪ್ಪಯ್ಯ ತೋಟದ ಮೇಲೆ ಎರಡನೇ ಸಾಲ ಮಾಡಿದರು. ಸಾಲ ನಾನೇ ತೀರಿಸಿದ್ದೇನೆ. ಆದರೆ ಅವರು ಅದರ ಬಗ್ಗೆ ಒಂದು ದಿನವೂ ನನ್ನನ್ನು ಕೇಳಲಿಲ್ಲ ಎಂಬುದು ಈಗಲೂ ಚುಚ್ಚುತ್ತದೆ.

ಇನ್ನೊಂದು ತಿಳಿದಿರಲಿ: ವೀಸಾದ ನಿಯಮದಂತೆ ಪ್ರತಿ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದುತ್ತಿರಬೇಕು. ಸರಪಳಿಯಲ್ಲಿ ಸಿಕ್ಕಿಕೊಂಡವನಿಗೆ ಬೇಕಾದ ಕೋರ್ಸು ಎರಡೇ ಇದ್ದರೂ, ಉಳಿದದ್ದನ್ನು ಏನಾದರೂ ತುಂಬಿಸಿ ಫೀಸು ಕಟ್ಟಬೇಕಾಗುತ್ತದೆ. ಊರಿನಲ್ಲಿ ಗಳಿಸಿದ ಅಂಕವೂ ಜೊತೆಗೆ ಬರುವುದಿಲ್ಲ. ಕ್ರೆಡಿಟ್ ಬರುತ್ತದೆ, ಜಿಪಿಎ ಇಲ್ಲಿ ಸೊನ್ನೆಯಿಂದ ಆರಂಭ.

ನಿಮ್ಮ 2022ರ ಸ್ಕೀಮಿನಲ್ಲಿ ಬಿ.ಇ.ಗೆ 160 ಕ್ರೆಡಿಟ್ ಇವೆ. ನಾಲ್ಕು ಸೆಮಿಸ್ಟರಿಗೆ ನಿಮ್ಮ ಬಳಿ 80 ಇರುತ್ತದೆ ಎಂದು ಹಿಗ್ಗಬೇಡಿ. ಇಲ್ಲಿ ಒಂದು ವರ್ಷದ ಓದನ್ನು ಸುಮಾರು 30 ಕ್ರೆಡಿಟ್ ಎಂದೇ ಅಳೆಯುವುದರಿಂದ ಆ 80 ಇಲ್ಲಿ ಅರವತ್ತರ ಸುತ್ತಮುತ್ತ ನಿಲ್ಲುತ್ತದೆ. ಅದರಲ್ಲಿ ಪದವಿಗೆ ಎಷ್ಟು ಇಳಿಯುತ್ತದೆ ಎಂಬುದೇ ನಿಮ್ಮ ನಿಜವಾದ ಪ್ರಶ್ನೆ. ಆದ್ದರಿಂದ ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ವಿಷಯವಾರು ಮೌಲ್ಯಮಾಪನ ಮಾಡಿಸಿ (ಕೆಲವು ವಿಶ್ವವಿದ್ಯಾಲಯಗಳು ಇದನ್ನು ತಾವೇ ಮಾಡುತ್ತವೆ, ಮೊದಲು ವಿಚಾರಿಸಿ), ಪ್ರವೇಶ ಸಿಕ್ಕ ಮೇಲೆ ಮುಂಗಡ ಕಟ್ಟುವ ಮುನ್ನ ವಿಭಾಗದ ಸಲಹೆಗಾರರಿಗೆ ಇಮೇಲ್ ಬರೆಯಿರಿ. ಎಷ್ಟು ಕ್ರೆಡಿಟ್ ಒಪ್ಪುತ್ತೀರಿ ಎಂದು ಕೇಳಬೇಡಿ. ನನ್ನ ಪದವಿಯ ನಕ್ಷೆಯಲ್ಲಿ ಯಾವ ಖಾನೆಗಳು ತುಂಬಿವೆ, ಮೊದಲ ಸೆಮಿಸ್ಟರಿನಲ್ಲಿ ನಾನು ಯಾವ ಕೋರ್ಸುಗಳಿಗೆ ಕೂರಬಹುದು, ಸರಪಳಿಯ ಪ್ರಕಾರ ಅತಿ ಬೇಗ ಎಂದರೆ ಯಾವ ತಿಂಗಳು ಮುಗಿಯುತ್ತದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವರ್ಗಾವಣೆಯಾಗಿ ಬರುವವರಿಗೆ ಸ್ಪರ್ಧಾತ್ಮಕ ವಿದ್ಯಾರ್ಥಿವೇತನ ಇದೆಯೇ ಎಂದೂ ವಿಚಾರಿಸಿ. ಟೆಕ್ಸಾಸ್‌ನಲ್ಲಿ ಕನಿಷ್ಠ 1,000 ಡಾಲರಿನ ಅಂಥ ವೇತನ ಸಿಕ್ಕಿದವರಿಗೆ ರಾಜ್ಯದವರ ದರದಲ್ಲಿ ಫೀಸು ಕಟ್ಟುವ ಅವಕಾಶ ದೊರೆಯಬಹುದು. ನನಗೆ ಅದು ತಿಳಿದದ್ದು ಮೂರನೇ ಸೆಮಿಸ್ಟರಿನಲ್ಲಿ.

ಉತ್ತರ ಬರಹದಲ್ಲಿ ಬಂದು ವೀಸಾ ಕೈಸೇರುವವರೆಗೆ ಕಾಲೇಜಿನಲ್ಲಿ ಟಿ.ಸಿ. ಕೇಳಬೇಡಿ. ಮಧ್ಯದಲ್ಲಿ ಬಿಟ್ಟರೆ ಉಳಿದ ವರ್ಷಗಳ ಫೀಸು ಕೇಳುವ ಆಡಳಿತ ಮಂಡಳಿಗಳಿವೆ, ಆ ಮಾತನ್ನು ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಆಡಿ.

ನೀವು ಕೇಳದಿದ್ದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ಮೊದಲ ವರ್ಷ ಮುಗಿಸಿದವರಿಗೆ ವರ್ಗಾವಣೆಯಲ್ಲಿ ನಷ್ಟ ಕಡಿಮೆ. ನಾಲ್ಕು ಸೆಮಿಸ್ಟರ್ ಮುಗಿಸಿದವರಾದರೆ ಬಿ.ಇ. ಅಲ್ಲೇ ಪೂರೈಸಿ ಎಂ.ಎಸ್.ಗೆ ಬರುವುದು ಮೇಲು. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ 2014ರ ಜೂನಿನಲ್ಲಿ ಬಿ.ಇ. ಮುಗಿಸಿ, ಆಗಸ್ಟಿನಲ್ಲಿ ನನ್ನದೇ ವಿಶ್ವವಿದ್ಯಾಲಯಕ್ಕೆ ಎಂ.ಎಸ್.ಗೆ ಬಂದ. ಅವನನ್ನು ವಿಮಾನ ನಿಲ್ದಾಣದಿಂದ ಕರೆತಂದವನು ನಾನೇ. ನಾನು ಬಿ.ಎಸ್. ಪಡೆದ ಐದು ತಿಂಗಳಿಗೆ ಅವನು ಎಂ.ಎಸ್. ಪಡೆದ.

ಆದರೂ ಬರುವುದೆಂದು ತೀರ್ಮಾನಿಸಿದ್ದರೆ, ನೀವು ಓದಿದ ಸ್ಕೀಮಿನದೇ ಸಿಲಬಸ್ಸನ್ನು, ಹೊಸ ಸ್ಕೀಮಿನದಲ್ಲ, ನಾಲ್ಕೂ ಸೆಮಿಸ್ಟರಿನ ಪ್ರತಿಯೊಂದು ವಿಷಯಕ್ಕೂ ವಿಟಿಯು ಜಾಲತಾಣದಿಂದ ಇಳಿಸಿಕೊಂಡು, ಮುದ್ರಿಸಿ, ಪ್ರತಿ ಪುಟಕ್ಕೂ ಪ್ರಾಂಶುಪಾಲರ ಮೊಹರು ಹಾಕಿಸಿ ಎರಡು ಪ್ರತಿ ಮಾಡಿಡಿ. ಲ್ಯಾಬ್ ರೆಕಾರ್ಡುಗಳನ್ನು ಎಸೆಯಬೇಡಿ. ಸಾಂಸ್ಕೃತಿಕ ಕನ್ನಡದ ಒಂದು ಕ್ರೆಡಿಟಿನ ಪತ್ರಿಕೆಯನ್ನೂ ಬಿಡದೆ ಸೇರಿಸಿ. ಖಾನೆಗೆ ಇಳಿಯಲಿ, ಬಿಡಲಿ, ಪಟ್ಟಿಯಲ್ಲಿ ಇರಲಿ.