ಗಲ್ಲಾ ಮುಂದೆ ಕೂರುವ ಮೊದಲ ಹೊರಗಿನವರು: ಒಂದು ಆಪ್ತಸಲಹೆ ಪ್ರಕರಣ

ದಾವಣಗೆರೆಯ ಒಂದು ಕುಟುಂಬ. ಕೃಷಿ ಪೈಪು, ಫಿಟಿಂಗ್ಸ್, ಮೋಟಾರ್ ಬಿಡಿಭಾಗಗಳ ಅಂಗಡಿ ಅವರದು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಾವ ಶುರು ಮಾಡಿದ ಅಂಗಡಿಯನ್ನು ಈಗ ಮಗ, ಸೊಸೆ ನೋಡಿಕೊಳ್ಳುತ್ತಾರೆ. ಚನ್ನಗಿರಿ ಕಡೆಯ ಅಡಿಕೆ ತೋಟದವರು, ಭದ್ರಾ ನಾಲೆ ಬಯಲಿನ ಭತ್ತದವರು ಅವರ ಗಿರಾಕಿಗಳು. ವ್ಯಾಪಾರ ಬೆಳೆದಿತ್ತು, ಕೈ ಸಾಲುತ್ತಿರಲಿಲ್ಲ.

ಅವರು ನನ್ನ ಹತ್ತಿರ ಬಂದದ್ದು ಕೆಲಸಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು ಎಂದು ಕೇಳಲು ಅಲ್ಲ. ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಕೇಳುತ್ತಾ ಹೋದಂತೆ ಜಗಳದ ಬುಡ ಸಿಕ್ಕಿತು. ಗಂಡನಿಗೆ ತನ್ನ ಅಕ್ಕನ ಮಗನನ್ನು ಅಂಗಡಿಗೆ ಹಾಕಿಕೊಳ್ಳುವ ಆಸೆ. "ಹೊರಗಿನವರನ್ನ ಗಲ್ಲಾ ಮುಂದೆ ಹೆಂಗೆ ಕೂರಿಸೋದು ಮೇಡಂ?" ಎಂದರು. ಹೆಂಡತಿಗೆ ಅದು ಬೇಡ. "ನಾಳೆ ಅವನು ಲೆಕ್ಕ ತಪ್ಪಿದ್ರೆ ಕೇಳೋ ಹಂಗಿಲ್ಲ. ಕೇಳಿದ್ರೆ ಅತ್ತಿಗೆ ಮುನಿಸಿಕೊಳ್ತಾರೆ. ಭಾನುವಾರನೂ ನಾನೇ ಅಂಗಡೀಲಿ ನಿಲ್ಲಬೇಕಾಗುತ್ತೆ."

ಹಿಂದೆ ಒಮ್ಮೆ ಒಬ್ಬ ಹುಡುಗನನ್ನು ಸೇರಿಸಿಕೊಂಡಿದ್ದರು. ಮಾವ ಅವನನ್ನು "ಯಾವ ಊರು, ಯಾರ ಪೈಕಿ" ಎಂದು ಕೇಳಿದರು. ಪರಿಚಯದ ಮನೆತನ ಅಂತ ಗೊತ್ತಾಯಿತು, ಅಲ್ಲಿಗೆ ಸಂದರ್ಶನ ಮುಗಿಯಿತು. ಒಂದು ತಿಂಗಳು ತುಂಬುವ ಮೊದಲೇ ಆ ಹುಡುಗ ಬರುವುದು ಬಿಟ್ಟ. ಮನೆತನ ಒಳ್ಳೆಯದೇ ಇತ್ತು. ಆದರೆ ಅಂಗಡಿಯ ಕೆಲಸದ ಬಗ್ಗೆ ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಸಂಬಂಧಿಕನೋ ಹೊರಗಿನವರೋ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ ಎಂದೆ. ಮನುಷ್ಯರನ್ನು ನೋಡುವ ಮೊದಲು ಕೆಲಸವನ್ನು ನೋಡಬೇಕು. ಹಿಂದಿನ ಮೂರು ತಿಂಗಳಲ್ಲಿ ಕೌಂಟರಿನಲ್ಲಿ ದುಡ್ಡು ಅಥವಾ ಗಿರಾಕಿ ಕಳೆದುಕೊಂಡ ಸಂದರ್ಭಗಳನ್ನು ಇಬ್ಬರೂ ಬೇರೆ ಬೇರೆ ಕೂತು ಬರೆಯಿರಿ ಎಂದು ಹೇಳಿ ಕಳಿಸಿದೆ. ಎರಡೂ ಪಟ್ಟಿ ಹೆಚ್ಚುಕಡಿಮೆ ಒಂದೇ ಇದ್ದವು. ಎರಡೂವರೆ ಇಂಚಿನ ಪೈಪಿಗೆ, ತಿರುವಿನಲ್ಲಿ ಜೋಡಿಸುವ ಎಲ್ಬೋ ಎರಡು ಇಂಚಿನದು ಕೊಟ್ಟು, ರೈತ ಊರಿಂದ ವಾಪಸ್ ಬರಬೇಕಾಯಿತು. ಬೆಳಿಗ್ಗೆ ಬಾಗಿಲು ತೆಗೆಯುವುದು ತಡವಾಗಿ ಗಿರಾಕಿ ಬೇರೆ ಅಂಗಡಿಗೆ ಹೋದರು. ಮೋಟಾರ್ ಸುಟ್ಟಿತೆಂದು ರೇಗುತ್ತಾ ಬಂದವರ ಜೊತೆ ಜಗಳವಾಯಿತು. ಇಲ್ಲ ಅನ್ನಲಾಗದೆ ಕೊಟ್ಟ ಉದ್ರಿ ವಸೂಲಾಗಲಿಲ್ಲ.

ಈ ಪಟ್ಟಿಯಿಂದಲೇ ನಾಲ್ಕು ಗುಣ ಆರಿಸಿಕೊಂಡೆವು: ಅಳತೆ ಮತ್ತು ಲೆಕ್ಕದಲ್ಲಿ ಎಚ್ಚರ, ಹೇಳಿದ ಹೊತ್ತಿಗೆ ಬರುವುದು, ಸಿಟ್ಟಿನ ಗಿರಾಕಿಯನ್ನು ಸಂಭಾಳಿಸುವುದು, ಉದ್ರಿ ಕೇಳಿದವರಿಗೆ ಇಲ್ಲ ಎನ್ನುವುದು. ಗಂಡ "ಪ್ರಾಮಾಣಿಕತೆ" ಸೇರಿಸಿ ಎಂದರು. ನಾನು ಬೇಡ ಎಂದೆ. ಅರ್ಧ ಗಂಟೆಯ ಮಾತಿನಲ್ಲಿ ಅದನ್ನು ಅಳೆಯಲು ಆಗುವುದಿಲ್ಲ. "ನೀವು ಪ್ರಾಮಾಣಿಕರಾ?" ಅಂದರೆ ಯಾರು ಇಲ್ಲ ಅಂತಾರೆ? ಅದಕ್ಕೆ ಅಂಗಡಿಯ ವ್ಯವಸ್ಥೆಯೇ ಉತ್ತರ ಕೊಡಬೇಕು. ಬಿಲ್ ಪುಸ್ತಕಕ್ಕೆ ಕ್ರಮಸಂಖ್ಯೆ ಇರಲಿ. ಫೋನ್‌ನಲ್ಲಿ ಬರುವ ಹಣ ಅಂಗಡಿಯ ಖಾತೆಗೇ ಬೀಳಲಿ. ದಿನಾ ಸಂಜೆ ಗಲ್ಲಾ ಎಣಿಸಿ ಬಿಲ್ಲಿಗೆ ತಾಳೆ ನೋಡಲಿ. ಮನೆಯವರು ಕೂತರೂ ಇದೇ ನಿಯಮ ಇರಬೇಕು ಎಂದೆ.

ನಂತರ ಪ್ರಶ್ನೆಗಳು. "ಗಿರಾಕಿ ರೇಗಿದರೆ ಏನು ಮಾಡ್ತೀರಿ?" ಎಂದು ಕೇಳಬೇಡಿ ಎಂದೆ. ಅದಕ್ಕೆ ಎಲ್ಲರೂ "ಸಮಾಧಾನದಿಂದ ಮಾತಾಡ್ತೀನಿ" ಅಂತಲೇ ಹೇಳುತ್ತಾರೆ. ನಡೆದು ಹೋದದ್ದನ್ನು ಕೇಳಬೇಕು. "ನಿಮ್ಮ ಮೇಲೆ ಯಾರಾದರೂ ರೇಗಿದ ಒಂದು ಸಂದರ್ಭ ಹೇಳಿ. ಅವರು ಏನಂದರು? ನೀವು ಏನಂದಿರಿ? ಕೊನೆಗೆ ಏನಾಯಿತು?" ನಿಜವಾಗಿ ನಡೆದಿದ್ದರೆ ವಿವರ ತಾನಾಗಿ ಬರುತ್ತದೆ. ಕಟ್ಟಿದ ಕತೆಯಾದರೆ ಎರಡನೇ ಪ್ರಶ್ನೆಗೇ "ಹಂಗೆಲ್ಲ ಆಗ್ತಿರುತ್ತೆ" ಎಂದು ಜಾರುತ್ತದೆ. ಕೆಲಸವನ್ನೇ ಮಾಡದವರಿಗೆ ಕಾಲೇಜು, ಮನೆ, ಜಾತ್ರೆಯ ಕೆಲಸ, ಯಾವುದರ ಉದಾಹರಣೆಯಾದರೂ ಸರಿ.

ಹೊತ್ತಿಗೆ ಬರುವ ಬಗ್ಗೆ: "ಬರಲೇಬೇಕಿದ್ದ ದಿನ ಬರಲಾಗದೆ ಹೋದಾಗ ಏನು ಮಾಡಿದಿರಿ?" ಉದ್ರಿಯ ಬಗ್ಗೆ: "ಹತ್ತಿರದವರು ಕೇಳಿದ್ದನ್ನು ಕೊಡಲಾಗದ ಒಂದು ಸಂದರ್ಭ ಹೇಳಿ." ಎಲ್ಲರಿಗೂ ಇದೇ ಪ್ರಶ್ನೆ, ಇದೇ ಕ್ರಮ.

ಲೆಕ್ಕದ ಎಚ್ಚರಕ್ಕೆ ಮಾತ್ರ ಪ್ರಶ್ನೆ ಬೇಡ, ಕೆಲಸವನ್ನೇ ಕೊಡಿ ಎಂದೆ. ರೈತನೊಬ್ಬ ಬರೆದಂತೆ ಒಂದು ಚೀಟಿ ತಯಾರಿಸಿದೆವು: ಎರಡೂವರೆ ಇಂಚಿನ ಪೈಪು 12, ಒಂದಕ್ಕೆ 420 ರೂಪಾಯಿ. ಎರಡು ಇಂಚಿನ ಎಲ್ಬೋ 4, ಒಂದಕ್ಕೆ 45. ಸಲ್ಯೂಷನ್ ಡಬ್ಬಿ 1, 160 ರೂಪಾಯಿ. ಎಲ್ಲ ತೆರಿಗೆ ಸೇರಿದ ದರ. ಮುಂಗಡ 2,000. ಬಾಕಿ ಎಷ್ಟು? ಒಟ್ಟು 5,380, ಬಾಕಿ 3,380. ಆದರೆ ಉತ್ತರ ಸರಿ ಬರುವುದಷ್ಟೇ ಮುಖ್ಯ ಅಲ್ಲ. ಪೈಪಿನ ಅಳತೆಗೂ ಎಲ್ಬೋ ಅಳತೆಗೂ ತಾಳೆಯಿಲ್ಲ. ಅದನ್ನು ಗಮನಿಸಿ "ಇದು ಸರಿನಾ?" ಎಂದು ಯಾರು ಕೇಳುತ್ತಾರೆ ಎಂದು ನೋಡಬೇಕಿತ್ತು. ಪೈಪಿನ ವ್ಯವಹಾರ ಗೊತ್ತಿಲ್ಲದವರಿಗೂ ಎರಡು ಅಳತೆ ಬೇರೆ ಎಂದು ಚೀಟಿಯಲ್ಲೇ ಕಾಣುತ್ತದೆ.

ಅಂಕ ಹಾಕುವ ರೀತಿಯೇ ಇದರಲ್ಲಿ ನಾಜೂಕಾದ ಭಾಗ. ಪ್ರತಿ ಗುಣಕ್ಕೆ 1ರಿಂದ 5. ಯಾವುದಕ್ಕೆ 1, ಯಾವುದಕ್ಕೆ 3, ಯಾವುದಕ್ಕೆ 5 ಎಂದು ಮೊದಲೇ ಒಂದೊಂದು ಸಾಲು ಬರೆದಿಟ್ಟುಕೊಳ್ಳಬೇಕು. ಸಿಟ್ಟಿನ ಗಿರಾಕಿಯ ವಿಷಯದಲ್ಲಿ, ತಾವೂ ಜಗಳಕ್ಕೆ ನಿಂತಿದ್ದರೆ 1. ಸುಮ್ಮನಿದ್ದು ಯಜಮಾನರನ್ನು ಕರೆದಿದ್ದರೆ 3. ದೂರು ಪೂರ್ತಿ ಕೇಳಿ, ತಾವೇ ದಾರಿ ತೋರಿಸಿದ್ದರೆ 5. ಒಂದು ಗುಣದ ಉತ್ತರ ಮುಗಿದ ಕೂಡಲೇ ಅಂಕ ಬರೆದು ಮುಂದಕ್ಕೆ ಹೋಗಬೇಕು. ಕೊನೆಯಲ್ಲಿ ಒಟ್ಟಿಗೆ ಹಾಕೋಣ ಎಂದು ಬಿಟ್ಟರೆ, ಚೆನ್ನಾಗಿ ಮಾತಾಡಿದವರಿಗೆ ಲೆಕ್ಕದಲ್ಲೂ ಒಳ್ಳೆಯ ಅಂಕ ಬಿದ್ದುಬಿಡುತ್ತದೆ. ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಬರೆಯಬೇಕು.

ಈ ಪದ್ಧತಿಯನ್ನು ನಾನು ಕಲಿತದ್ದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರ ಕೆಲಸದಿಂದ. 1950ರ ದಶಕದಲ್ಲಿ, ಇನ್ನೂ ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗರಾಗಿದ್ದಾಗ, ಇಸ್ರೇಲ್ ಸೇನೆಗೆ ಸೇರುವವರನ್ನು ಸಂದರ್ಶಿಸಲು ಅವರು ಆರು ಗುಣಗಳ ಇಂಥದ್ದೇ ಕ್ರಮ ಮಾಡಿದರು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ದೂರಿದರಂತೆ. ಆಗ ಅವರು, ಎಲ್ಲ ಅಂಕ ಹಾಕಿದ ಮೇಲೆ ಕಣ್ಣು ಮುಚ್ಚಿ ಆ ಹುಡುಗ ಸೈನಿಕನಾಗಿ ಹೇಗಿರುತ್ತಾನೆ ಎಂದು ಊಹಿಸಿ ಇನ್ನೊಂದು ಅಂಕ ಕೊಡಿ ಎಂದರು. ಹೊಸ ಕ್ರಮ ಹಳೆಯ ಹರಟೆ ಸಂದರ್ಶನಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಕೊನೆಯ ಆ ಊಹೆಯೂ ಉಪಯೋಗಕ್ಕೆ ಬಂತು. ಅಂದರೆ ಅನುಭವದ ಅಂದಾಜು ಬೇಡ ಎಂದಲ್ಲ, ಅದರ ಸರದಿ ಕೊನೆಗೆ.

ಇದನ್ನು ಹೇಳಲು ಕಾರಣ ಮಾವ. ನಲವತ್ತು ವರ್ಷ ಅಂಗಡಿ ನಡೆಸಿದವರನ್ನು ಹೊರಗಿಡುವುದು ಸರಿಯಲ್ಲ, ಅಲ್ವಾ? "ಅಪ್ಪಾಜಿ, ನೀವು ಜೊತೆಗೇ ಕೂತಿರಿ. ಊರು ಕೇರಿಯ ಮಾತು ಮಾತ್ರ ಇವರಿಬ್ಬರೂ ಅಂಕ ಬರೆದ ಮೇಲೆ ಆಡಿ. ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ" ಎಂದೆ. ಅವರು ಒಪ್ಪಿದರು.

ಮೂವರು ಬಂದರು. ಅಕ್ಕನ ಮಗ, ಮೊಬೈಲ್ ಅಂಗಡಿಯಲ್ಲಿದ್ದ ಹರಿಹರದ ಯುವಕ, ಮತ್ತು ಮೊದಲು ಹಳ್ಳಿಯ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದು, ಈಗ ನಗರಕ್ಕೆ ಬಂದಿದ್ದ ಮಹಿಳೆ. ಯುವಕ ಮಾತಿನಲ್ಲಿ ಎಲ್ಲರನ್ನೂ ಗೆದ್ದ. ಸಿಟ್ಟಿನ ಗಿರಾಕಿಯ ಪ್ರಶ್ನೆಗೆ ಅವನಿಗೆ ಇಬ್ಬರೂ 5 ಕೊಟ್ಟರು. ಚೀಟಿಯಲ್ಲಿ ಮುಂಗಡ ಕಳೆಯುವುದನ್ನೇ ಮರೆತ. ಅಕ್ಕನ ಮಗ ಲೆಕ್ಕ ಸರಿ ಮಾಡಿದ, ಎಲ್ಬೋ ಗಮನಿಸಲಿಲ್ಲ. ಬರಲಾಗದ ದಿನದ ಪ್ರಶ್ನೆಗೆ "ಫೋನ್ ಮಾಡಿರಲಿಲ್ಲ, ಮಾರನೇ ದಿನ ಹೇಳಿದೆ" ಎಂದು ನಿಜ ಹೇಳಿದ. ಮಹಿಳೆ ಚೀಟಿ ನೋಡಿದ ಕೂಡಲೇ "ಪೈಪು ಒಂದಳತೆ, ಎಲ್ಬೋ ಇನ್ನೊಂದಳತೆ ಬರೆದಿದೆಯಲ್ಲ" ಎಂದರು. ಹಾಲಿನ ಫ್ಯಾಟ್ ಕಡಿಮೆ ಬಂತೆಂದು ಕೂಗಾಡಿದ ರೈತರ ಎದುರಿಗೇ ಇನ್ನೊಮ್ಮೆ ಪರೀಕ್ಷೆ ಮಾಡಿ ತೋರಿಸಿದ್ದನ್ನು ಹೇಳಿದರು.

ಒಂದೇ ಕಡೆ ಗಂಡ ಹೆಂಡತಿಯ ಅಂಕ ದೂರ ದೂರ ಇತ್ತು. ಹೊತ್ತಿಗೆ ಬರುವುದಕ್ಕೆ ಈ ಮಹಿಳೆಗೆ ಹೆಂಡತಿ 5 ಕೊಟ್ಟಿದ್ದರು, ಗಂಡ 2. "ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ರಜ ಜಾಸ್ತಿ ಹಾಕ್ತಾರೆ" ಎಂಬುದು ಅವರ ಕಾರಣ. ಆ ಮಹಿಳೆ ಹೇಳಿದ ಯಾವ ಮಾತಿಗೆ ಈ 2 ಎಂದು ಕೇಳಿದೆ. ಹಾಳೆ ತಿರುಗಿಸಿ ನೋಡಿದರು. ಬರೆದದ್ದು ಇಷ್ಟು: ಡೇರಿ ಬೆಳಗಿನ ಆರಕ್ಕೆ ಶುರು, ಮಗುವಿಗೆ ಜ್ವರ ಬಂದ ದಿನ ಹಿಂದಿನ ರಾತ್ರಿಯೇ ಕಾರ್ಯದರ್ಶಿಗೆ ತಿಳಿಸಿ ಬದಲಿ ವ್ಯವಸ್ಥೆ ಮಾಡಿದ್ದರು. 2 ಬಂದದ್ದು ಉತ್ತರದಿಂದಲ್ಲ, ಗಂಡನ ಊಹೆಯಿಂದ. ಅಕ್ಕನ ಮಗನಿಗೆ ಅವರೇ ಅದೇ ಗುಣಕ್ಕೆ 3 ಹಾಕಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ 4 ಎಂದು ತಿದ್ದಿದರು. ಅಂಕದ ಹಿಂದೆ ಆ ಮನುಷ್ಯರು ಹೇಳಿದ ಒಂದು ಮಾತಾದರೂ ಇರಬೇಕು. ಮದುವೆ, ಮಕ್ಕಳು, ಜಾತಿ ಇವನ್ನು ಕೇಳುವುದೂ ಬೇಡ, ಕಿವಿಗೆ ಬಿದ್ದರೂ ಅಂಕಕ್ಕೆ ಸೇರಿಸುವುದು ಬೇಡ.

20ಕ್ಕೆ ಹೆಂಡತಿಯ ಲೆಕ್ಕದಲ್ಲಿ ಮಹಿಳೆಗೆ 17, ಗಂಡನ ಲೆಕ್ಕದಲ್ಲಿ 15. ಉಳಿದ ಇಬ್ಬರೂ 13 ದಾಟಲಿಲ್ಲ. ಹೆಚ್ಚು ಅಂಕ ಬಂದವರೇ ಎಂದು ಮೊದಲೇ ಮಾತಾಗಿತ್ತು. ಮಾವ "ಆಯಮ್ಮನೇ ಆಗಲಿ, ಕಣ್ಣು ಚುರುಕು" ಎಂದರು. ಡೇರಿಯ ಕಾರ್ಯದರ್ಶಿಗೆ ಫೋನ್ ಮಾಡಿ "ಮತ್ತೆ ಬಂದರೆ ಸೇರಿಸಿಕೊಳ್ತೀರಾ?" ಎಂದು ಕೇಳಲು ಹೇಳಿದೆ. ಆ ಕಡೆಯಿಂದ "ಇವತ್ತೇ ಕಳಿಸಿ" ಎಂಬ ಉತ್ತರ ಬಂತು.

ಮಹಿಳೆಯ ಹಾಳೆಯಲ್ಲಿ ಒಂದು ಕಡಿಮೆ ಅಂಕವೂ ಇತ್ತು. ಇಲ್ಲ ಎನ್ನುವುದಕ್ಕೆ ಇಬ್ಬರೂ 2 ಹಾಕಿದ್ದರು. ಪರಿಚಯದವರಿಗೆ ತಮ್ಮ ಕೈಯಿಂದಲೇ ದುಡ್ಡು ಕೊಟ್ಟು ಸಿಕ್ಕಿಬಿದ್ದದ್ದನ್ನು ಅವರೇ ಹೇಳಿದ್ದರು. ಹಾಗಾಗಿ ಉದ್ರಿಯ ತೀರ್ಮಾನ ಅಂಗಡಿಯ ಯಜಮಾನರದೇ ಇರಲಿ, ಮಹಿಳೆ ಅವರಿಗೆ ಫೋನ್ ಮಾಡಿ ಕೇಳಲಿ ಎಂಬ ನಿಯಮ ಮಾಡಿದೆವು. ಮೊದಲ ಮೂರು ತಿಂಗಳು ಪ್ರಾಯೋಗಿಕ, ಸಂಬಳ ಎಷ್ಟು, ಕೆಲಸದ ಹೊತ್ತು, ವಾರದ ರಜೆ ಯಾವ ದಿನ ಎಂಬುದನ್ನು ಹಾಳೆಯಲ್ಲಿ ಬರೆದು ಎರಡೂ ಕಡೆ ಸಹಿ ಹಾಕಿಸಿದರು.

ಅಕ್ಕನಿಗೆ ಹೇಳುವುದು ಗಂಡನಿಗೆ ಕಷ್ಟವಾಗಿತ್ತು. ಅಂಕದ ಹಾಳೆ ತೋರಿಸಬೇಡಿ, ಬೇರೆಯವರ ಹೆಸರೂ ಎತ್ತಬೇಡಿ ಎಂದೆ. ಫೋನಿನಲ್ಲಿ ಬೇಡ, ಮನೆಗೇ ಹೋಗಿ ಹೇಳಿ. "ಅಕ್ಕಾ, ಮೂವರಿಗೂ ಒಂದೇ ಪ್ರಶ್ನೆ ಕೇಳಿದ್ವಿ. ಕೌಂಟರ್ ಕೆಲಸಕ್ಕೆ ಇನ್ನೊಬ್ಬರು ಹೊಂದಿದರು. ಅವನು ಲೆಕ್ಕ ಚೆನ್ನಾಗಿ ಮಾಡಿದ, ನಿಜ ಹೇಳಿದ." ಅಷ್ಟೇ ಸಾಕು. ಅಕ್ಕ ಒಂದು ಹಬ್ಬಕ್ಕೆ ಬರಲಿಲ್ಲ, ಮುಂದಿನ ಹಬ್ಬಕ್ಕೆ ಬಂದರು.

ಈಗ ಗೋಡೌನಿಗೆ ಎರಡನೆಯವರು ಬೇಕಾಗಿದ್ದಾರೆ. ಹಳೆಯ ಹಾಳೆಯನ್ನೇ ಬಳಸೋಣವೇ ಎಂದು ಹೆಂಡತಿ ಫೋನ್ ಮಾಡಿದ್ದರು. ಬೇಡ, ಗೋಡೌನಿನಲ್ಲಿ ಏನು ತಪ್ಪಾಗುತ್ತಿದೆ ಎಂದು ಮೊದಲು ಬರೆಯಿರಿ ಎಂದೆ. ಈ ಸಲ ಆ ಪಟ್ಟಿಯನ್ನು ಕೌಂಟರಿನ ಮಹಿಳೆಯೂ ಬರೆಯುತ್ತಿದ್ದಾರೆ.