50,000ದ ಆಫರ್‌ನಲ್ಲಿ ಎಲ್ಲಿ ಕಡಿತ ಸರಿ, ಎಲ್ಲಿ ತಪ್ಪು

ಪ್ರಶ್ನೆ: ಕಾರಿನ ಮುಂಭಾಗಕ್ಕೆ ಪೆಟ್ಟು. ಕಾರಿಗೆ 3 ವರ್ಷ 4 ತಿಂಗಳು, 1,197 ಸಿಸಿ, ಭಾಗಗಳ ಸವಕಳಿ ಕಡಿತ ತಪ್ಪಿಸುವ ಝೀರೋ ಡೆಪ್ ಕವರ್ ಇಲ್ಲ. ಗ್ಯಾರೇಜ್ ಎಸ್ಟಿಮೇಟ್ ಜಿಎಸ್‌ಟಿ ಸೇರಿ 92,000: ಬಂಪರ್ 8,000, ಹೆಡ್‌ಲೈಟ್ 14,000, ಬಾನೆಟ್ 12,000, ಫೆಂಡರ್ 6,000, ಎಸಿ ಕಂಡೆನ್ಸರ್ 16,000, ಮುಂದಿನ ಗಾಜು 9,000, ಲೇಬರ್ 12,000, ಪೇಂಟಿಂಗ್ 15,000. ವಿಮಾ ಕಂಪನಿಯವರು ಕ್ಲೈಮ್‌ಗೆ 50,000 ಅಂತಾರೆ. ನಷ್ಟ ಅಂದಾಜು ಮಾಡಿದ ಸರ್ವೇಯರ್ ಶೀಟ್‌ನಲ್ಲಿ ಬಾನೆಟ್‌ಗೆ 3,000, ಕಂಡೆನ್ಸರ್‌ಗೆ 8,000, ಲೇಬರ್‌ಗೆ 8,000, ಪೇಂಟಿಂಗ್‌ಗೆ 7,500 ಹಾಕಿದ್ದಾರೆ. ಏನು ಮಾಡಲಿ?

ಉತ್ತರ:

ಮೊದಲು 92,000 ಅನ್ನೋ ಅಂಕಿಯನ್ನು ಮನಸ್ಸಿನಿಂದ ತೆಗೆದುಬಿಡಿ. ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಅದು ಸಿಗುವುದಿಲ್ಲ. ಅಷ್ಟೇ ಬೇಕು ಎಂದು ಪತ್ರ ಬರೆದರೆ, ಡೆಪ್ರಿಸಿಯೇಶನ್ ಅಂದರೆ ಸವಕಳಿ ಕಡಿತದ ನಿಯಮ ಓದಿಲ್ಲದವರು ಎಂದು ಅವರು ಒಂದೇ ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳುತ್ತಾರೆ. ನಿಮಗೆ ನಿಜವಾಗಿ ಬರಬೇಕಾದ್ದು ಎಷ್ಟು ಎಂದು ಮೊದಲು ನೀವೇ ಲೆಕ್ಕ ಹಾಕಿಕೊಳ್ಳಬೇಕು.

ದರಗಳು ನಿಮ್ಮ ಪಾಲಿಸಿಯ ಷರತ್ತುಗಳಲ್ಲೇ ಅಚ್ಚಾಗಿರುತ್ತವೆ. ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಶೇ. 50 ಕಡಿತ. ಗಾಜಿಗೆ ಕಡಿತವೇ ಇಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಪ್ರಕಾರ. 3 ವರ್ಷ ದಾಟಿ 4 ತುಂಬುವವರೆಗೆ ಶೇ. 25. ವಯಸ್ಸನ್ನು ಅಪಘಾತದ ದಿನಕ್ಕೆ ನೋಡಬೇಕು, ಬಿಲ್ ಆದ ದಿನಕ್ಕಲ್ಲ. ಲೇಬರ್‌ಗೆ ಡೆಪ್ರಿಸಿಯೇಶನ್ ಇಲ್ಲ.

ಪೇಂಟಿಂಗ್‌ನಲ್ಲೇ ಅತಿ ಹೆಚ್ಚು ತಪ್ಪಾಗುವುದು. ಶೇ. 50 ಕಡಿತ ಬಣ್ಣದ ಸಾಮಗ್ರಿಗೆ ಮಾತ್ರ, ಪೂರ್ತಿ ಪೇಂಟಿಂಗ್ ಬಿಲ್ಲಿಗಲ್ಲ. ಬಿಲ್ಲಿನಲ್ಲಿ ಸಾಮಗ್ರಿ ಮತ್ತು ಕೂಲಿಯನ್ನು ಬೇರೆ ಮಾಡಿ ತೋರಿಸದಿದ್ದರೆ ಒಟ್ಟಿನ ಶೇ. 25 ಅನ್ನು ಸಾಮಗ್ರಿ ಎಂದು ತೆಗೆದುಕೊಳ್ಳಬೇಕು. ನಿಮ್ಮ 15,000ದಲ್ಲಿ ಸಾಮಗ್ರಿ 3,750, ಅದರ ಅರ್ಧ 1,875. ಹಾಗಾಗಿ ಸಿಗಬೇಕಾದ್ದು 13,125. ಅವರು ಇಡೀ ಮೊತ್ತವನ್ನೇ ಅರ್ಧ ಮಾಡಿ 7,500 ಬರೆದಿದ್ದಾರೆ.

ಉಳಿದದ್ದನ್ನೂ ಹೀಗೇ ನೋಡಿ. ಬಂಪರ್ 4,000. ಹೆಡ್‌ಲೈಟ್ 7,000; ಈಗಿನ ಹೆಡ್‌ಲೈಟ್‌ಗಳ ಮುಂಭಾಗ ಪ್ಲಾಸ್ಟಿಕ್ಕೇ, ಗಾಜು ಎಂದು ವಾದ ಮಾಡಿ ಸಮಯ ಹಾಳು ಮಾಡಬೇಡಿ. ಹೊಸ ಬಾನೆಟ್ ಎಂದಿಟ್ಟುಕೊಂಡರೆ 9,000, ಫೆಂಡರ್ 4,500, ಕಂಡೆನ್ಸರ್ 12,000, ಗಾಜು ಪೂರ್ತಿ 9,000, ಲೇಬರ್ 12,000, ಪೇಂಟಿಂಗ್ 13,125. ಒಟ್ಟು 70,625. ಇದರಲ್ಲಿ 1,500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000 ಹೋಗಿ 69,625. ನೀವು ಪ್ರೀಮಿಯಂ ಉಳಿಸಲು ಸ್ವಯಂ ಕಡಿತವನ್ನೂ ಒಪ್ಪಿದ್ದರೆ ಅದೂ ಹೋಗುತ್ತದೆ, ಪಾಲಿಸಿಯ ಮೊದಲ ಪುಟದಲ್ಲಿ ನೋಡಿಕೊಳ್ಳಿ. ಹಳೆಯ ಭಾಗಗಳ ಗುಜರಿ ಬೆಲೆ ಎಂದು ಸಣ್ಣ ಮೊತ್ತ ಕಳೆದರೆ ಅದು ಸಹಜ.

ಅಂದರೆ ಜಗಳ ಇರುವುದು 19,625 ರೂಪಾಯಿಗೆ. ಈ ಮೊತ್ತವನ್ನು ಎರಡಾಗಿ ಒಡೆದು ಇಡುವುದು ಮುಖ್ಯ, ಏಕೆಂದರೆ ಎರಡು ಭಾಗಗಳಿಗೂ ಬೇರೆ ಬೇರೆ ರೀತಿಯ ಪುರಾವೆ ಬೇಕು.

ಮೊದಲನೆಯದು ಬರೀ ಲೆಕ್ಕದ ತಪ್ಪು. ಪೇಂಟಿಂಗ್‌ನಲ್ಲಿ 5,625 ಮತ್ತು ಕಂಡೆನ್ಸರ್‌ನಲ್ಲಿ 4,000. ಎಸಿ ಕಂಡೆನ್ಸರ್ ಅಲ್ಯೂಮಿನಿಯಂ, ಅದಕ್ಕೆ ಪ್ಲಾಸ್ಟಿಕ್ಕಿನ ಶೇ. 50 ಹಾಕಿದ್ದು ತಪ್ಪು. (ರೇಡಿಯೇಟರ್ ಆಗಿದ್ದರೆ ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ, ಅದರ ಪಕ್ಕದ ಟ್ಯಾಂಕ್‌ಗಳು ಹಲವು ಕಾರುಗಳಲ್ಲಿ ಪ್ಲಾಸ್ಟಿಕ್.) ಈ 9,625 ರೂಪಾಯಿಗೆ ಯಾರ ಅಭಿಪ್ರಾಯವೂ ಬೇಕಿಲ್ಲ. ಪಾಲಿಸಿಯ ಪುಟ ಸಂಖ್ಯೆ, ಷರತ್ತಿನ ಸಾಲು, ಮೇಲಿನ ಲೆಕ್ಕ ಇಷ್ಟನ್ನು ಬರೆದರೆ ಸಾಕು. ನನ್ನ ಅಂದಾಜಿನಲ್ಲಿ ಇದು ಪತ್ರ ಹೋದ ಮೇಲೆ ಬಂದೇ ಬರುತ್ತದೆ.

ಎರಡನೆಯದು ಬಾನೆಟ್‌ನ 6,000 ಮತ್ತು ಲೇಬರ್‌ನ 4,000. ಇಲ್ಲಿ ಸರ್ವೇಯರ್ ಲೆಕ್ಕ ತಪ್ಪಿಲ್ಲ, ಅಭಿಪ್ರಾಯ ಹೇಳಿದ್ದಾರೆ. ಬಾನೆಟ್ ಬದಲಾಯಿಸಬೇಕಿಲ್ಲ, ಡೆಂಟಿಂಗ್ ಮಾಡಿದರೆ ಸಾಕು ಎಂಬುದು ಅವರ ನಿಲುವು. 'ಗ್ಯಾರೇಜ್‌ನವರು ಬದಲಾಯಿಸಬೇಕು ಅಂದರು' ಎಂಬುದು ಇದಕ್ಕೆ ಉತ್ತರವಾಗದು. ಬಾನೆಟ್ ಎತ್ತಿ ಒಳಗಿನ ಫ್ರೇಮ್ ನೋಡಿ. ಫ್ರೇಮ್ ಮಡಚಿದ್ದರೆ, ಹಿಂಜ್ ಅಥವಾ ಲಾಕ್ ಕೂರುವ ಜಾಗ ಸೊಟ್ಟಗಾಗಿದ್ದರೆ, ತಗಡು ಹರಿದಿದ್ದರೆ ತಟ್ಟಿ ಸರಿಮಾಡಿದರೂ ಅದು ಸರಿಯಾಗಿ ಕೂರುವುದಿಲ್ಲ. ಎರಡೂ ಬದಿಯ ಸಂದು ಹೆಚ್ಚುಕಮ್ಮಿಯಾಗಿ ಕಾಣುತ್ತದೆ. ಆ ಜಾಗಗಳ ಹತ್ತಿರದ ಫೋಟೋ ತೆಗೆದು, ಯಾವ ಕಾರಣಕ್ಕೆ ರಿಪೇರಿ ಆಗದು ಎಂದು ಗ್ಯಾರೇಜ್‌ನ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆಸಿಕೊಳ್ಳಿ. ಬರೀ ಹೊರಗಿನ ಗುಂಡಿ ಮಾತ್ರ ಇದ್ದರೆ ಸರ್ವೇಯರ್ ಹೇಳಿದ್ದೇ ಸರಿ, ಬಿಟ್ಟುಬಿಡಿ. ಲೇಬರ್‌ಗೆ, ಯಾವ ಕೆಲಸಕ್ಕೆ ಎಷ್ಟು ಎಂದು ಗ್ಯಾರೇಜ್‌ನಿಂದ ಬಿಡಿಸಿ ಬರೆಸಿ. 'ಲೇಬರ್ 12,000' ಎಂದು ಒಂದೇ ಸಾಲಿನಲ್ಲಿ ಬರೆದ ಎಸ್ಟಿಮೇಟ್‌ಗೆ ಕತ್ತರಿ ಬೀಳುವುದು ಸಹಜ.

ರಿಪೇರಿ ಶುರುವಾಗಿಲ್ಲದಿದ್ದರೆ ಮರುಪರಿಶೀಲನೆ ಕೇಳಿ. ಬಿಚ್ಚಿದ ಮೇಲೆ ಒಳಗೆ ಇನ್ನೇನಾದರೂ ಮುರಿದಿರುವುದು ಸಿಕ್ಕರೆ ಸರ್ವೇಯರ್ ಬಂದು ನೋಡುವ ಮುನ್ನ ಬದಲಾಯಿಸಲು ಬಿಡಬೇಡಿ. ಆಮೇಲೆ ಬಿಲ್ ತೋರಿಸಿದರೆ ಒಪ್ಪಿಸುವುದು ಬಹಳ ಕಷ್ಟ. ಹಳೆಯ ಭಾಗಗಳನ್ನು ವಿವಾದ ಮುಗಿಯುವವರೆಗೆ ಗ್ಯಾರೇಜ್‌ನಲ್ಲೇ ಇಡಲು ಹೇಳಿ.

ಇನ್ನು ಸಹಿಯ ವಿಷಯ. 'ಪೂರ್ಣ ಮತ್ತು ಅಂತಿಮ ತೀರುವಳಿ' ಎಂದಿರುವ ಡಿಸ್ಚಾರ್ಜ್ ವೋಚರ್‌ಗೆ ಈಗ ಸಹಿ ಹಾಕಬೇಡಿ. ಒಪ್ಪಿ ಸಹಿ ಮಾಡಿದ್ದೀರಿ ಎಂದು ಮುಂದೆ ಅದನ್ನೇ ನಿಮ್ಮ ವಿರುದ್ಧ ಇಡುತ್ತಾರೆ. ಗಾಡಿ ಬಿಡಿಸಿಕೊಳ್ಳಲು ಹಣ ಬೇಕೇ ಬೇಕಾದರೆ, ವಿವಾದ ಇಲ್ಲದ 50,000 ಅನ್ನು ಆಕ್ಷೇಪ ಕಾಯ್ದಿರಿಸಿ ಪಡೆಯುತ್ತಿದ್ದೇನೆ ಎಂದು ಸಹಿಗೆ ಮೊದಲೇ ಇಮೇಲ್ ಕಳಿಸಿ, ವೋಚರ್ ಮೇಲೂ ಅದನ್ನೇ ಕೈಯಾರೆ ಬರೆಯಿರಿ.

ಆಕ್ಷೇಪದ ಪತ್ರ ಕಂಪನಿಯ ಗ್ರೀವನ್ಸ್ ಆಫೀಸರ್‌ಗೆ ಇಮೇಲ್‌ನಲ್ಲೇ ಹೋಗಲಿ, ಫೋನ್ ಬೇಡ. ಕ್ಲೈಮ್ ಸಂಖ್ಯೆ, ನಾಲ್ಕು ಸಾಲುಗಳ ಹೋಲಿಕೆ, ಕೇಳುತ್ತಿರುವ ಮೊತ್ತ 69,625, ಇಷ್ಟೇ ಸಾಕು. 'ಸರ್ವೇಯರ್ ಹೇಳಿದ್ದೇ ಅಂತಿಮ' ಎಂಬ ಉತ್ತರ ಬಂದರೆ ಹೆದರಬೇಡಿ. ಸರ್ವೇಯರ್ ವರದಿ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಅದೇ ದೂರನ್ನು ವಿಮಾ ನಿಯಂತ್ರಕರ ಪೋರ್ಟಲ್ bimabharosa.irdai.gov.in ನಲ್ಲೂ ಹಾಕಿ ಸಂಖ್ಯೆ ಇಟ್ಟುಕೊಳ್ಳಿ.

ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಸಮಾಧಾನವಾಗದಿದ್ದರೆ ಇಂಥ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ, cioins.co.in ಮೂಲಕವೂ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಜಾಗವಿಲ್ಲ. ಕಂಪನಿ ನಿರಾಕರಿಸಿದ ದಿನದಿಂದ ಒಂದು ವರ್ಷದೊಳಗೆ ಕೊಡಬೇಕು. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. ನಿಮಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಉಳಿದಿರುತ್ತದೆ. ತಿರುಗುಮುರುಗು ಮಾಡಬೇಡಿ, ಆಯೋಗದಲ್ಲಿ ಕೇಸ್ ಹಾಕಿದ ಮೇಲೆ ಅದೇ ವಿಷಯವನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ. ಆಯೋಗಕ್ಕೆ ಎರಡು ವರ್ಷದ ಗಡುವಿದೆ, ಒಂಬುಡ್ಸ್‌ಮನ್‌ಗಾಗಿ ಕಾಯುತ್ತಾ ಆ ದಿನಾಂಕ ಮರೆಯಬೇಡಿ.

ಕಂಪನಿ ಪತ್ರಕ್ಕೆ ಉತ್ತರವಾಗಿ 9,625 ಒಪ್ಪಿ, ಬಾನೆಟ್‌ಗೂ ಲೇಬರ್‌ಗೂ ಸೇರಿ ಇನ್ನೊಂದಿಷ್ಟು ಕೊಡುತ್ತೇನೆ ಎಂದರೆ, ಒಳಗಿನ ಫ್ರೇಮ್ ಫೋಟೋ ನಿಮ್ಮ ಕೈಯಲ್ಲಿ ಎಷ್ಟು ಗಟ್ಟಿಯಾಗಿದೆ ಎಂದು ನೋಡಿ ತೀರ್ಮಾನಿಸಿ. ಫೋಟೋ ಸಪ್ಪೆಯಾಗಿದ್ದರೆ ನಾನಾದರೆ ಅಷ್ಟಕ್ಕೆ ಒಪ್ಪಿಬಿಡುತ್ತೇನೆ.